ಮೈಸೂರಿನವರಿಗೆ ಬರೆಯಬೇಕಾದ ನಾಲ್ಕು ಸಾಲು

ಪ್ರೀತಿಯ ಪುಟ್ಟಿ,

ಬೆಂಗಳೂರಿನ ಕೆಲಸ ಒಪ್ಪಿಕೊಂಡೆ ಅಂದಾಗ ಖುಷಿಯಾಯಿತು. ಆದರೆ ಮೈಸೂರಿನ ಕಂಪನಿಯವರಿಗೆ ಏನು ಹೇಳಿದೆ ಅಂತ ಕೇಳಿದ್ದಕ್ಕೆ, "ಶುಕ್ರವಾರಕ್ಕೆ ಆಫರ್ ತಾನಾಗೇ ಮುಗಿಯುತ್ತಮ್ಮ, ಸುಮ್ನಿದ್ದರೆ ಆಯ್ತು" ಅಂದೆಯಲ್ಲ, ಅದು ಬೇಡ ಕಣೇ.

22 ವರ್ಷ ಕಾರ್ಖಾನೆಯ ಪರ್ಸನಲ್ ಸೆಕ್ಷನ್ನಿನಲ್ಲಿ ಕೂತವಳು ನಾನು. ಒಬ್ಬರಿಗೆ ಆಫರ್ ಕೊಟ್ಟ ಮೇಲೂ ಎರಡನೆಯವರ ಅರ್ಜಿಯನ್ನು ನಾವು ಕಟ್ಟಿಡುತ್ತಿರಲಿಲ್ಲ. ಮೊದಲನೆಯವರು ಬರುವುದು ಖಾತ್ರಿಯಾಗುವ ತನಕ ಅದು ಮೇಜಿನ ಮೇಲೇ ಇರುತ್ತಿತ್ತು. ಒಮ್ಮೆ ಒಬ್ಬ ಹುಡುಗ ಬರುತ್ತೇನೆ ಅಂದವನು ಸೇರುವ ದಿನ ಬರಲೇ ಇಲ್ಲ. ಗುರುತಿನ ಚೀಟಿ, ಸೇಫ್ಟಿ ಶೂ, ಬಸ್ಸಿನಲ್ಲಿ ಸೀಟು ಎಲ್ಲ ರೆಡಿ. ಫೋನ್ ಸ್ವಿಚ್ ಆಫ್. ಎರಡನೆಯವನನ್ನು ಕೇಳಿದರೆ, ಅವನು ಹತ್ತು ದಿನದ ಹಿಂದೆ ಬೇರೆ ಕಡೆ ಸೇರಿಬಿಟ್ಟಿದ್ದ.

ಅದೇ ವರ್ಷ ಇನ್ನೊಬ್ಬಳು ಆಫರ್ ಸಿಕ್ಕ ಮೂರನೇ ದಿನಕ್ಕೇ ಫೋನ್ ಮಾಡಿ, ಬರಲಾಗುವುದಿಲ್ಲ ಅಂತ ಹೇಳಿ, ಸಂಜೆಯೊಳಗೆ ಕಾಗದವನ್ನೂ ಕಳಿಸಿದಳು. ಮಾರನೇ ದಿನವೇ ನಮಗೆ ಬೇರೆಯವರು ಸಿಕ್ಕರು. ಅವಳ ಅರ್ಜಿಯ ಮೂಲೆಯಲ್ಲಿ ನಮ್ಮ ಮ್ಯಾನೇಜರು ಪೆನ್ಸಿಲಿನಲ್ಲಿ "ಮುಂದೆ ಕೇಳಿ ನೋಡಿ" ಅಂತ ಗೀಚಿಟ್ಟರು. ಎರಡು ವರ್ಷದ ಮೇಲೆ ಡಿಸೈನ್ ವಿಭಾಗದಲ್ಲಿ ಜಾಗ ಬಂದಾಗ ಮೊದಲ ಫೋನ್ ಹೋಗಿದ್ದು ಅವಳಿಗೇ. ಈಗ ಪೆನ್ಸಿಲ್ ಬದಲು ಕಂಪ್ಯೂಟರ್ ಬಂದಿದೆ, ಅಷ್ಟೇ.

ಅದಕ್ಕೇ ಶುಕ್ರವಾರದವರೆಗೆ ಕಾಯಬೇಡ, ನಾಳೆ ಬೆಳಿಗ್ಗೆಯೇ ಹೇಳಿಬಿಡು. ಒಂದೂವರೆ ಗಂಟೆ ಮಾತಾಡಿ, ನಿನಗೆ ಟೆಸ್ಟಿಂಗ್ ಲ್ಯಾಬನ್ನೆಲ್ಲ ಸುತ್ತಾಡಿಸಿದ ಆ ಮ್ಯಾನೇಜರಿಗೆ ಮೊದಲು ಫೋನ್ ಮಾಡು. ಅವರಿಗೆ ವಿಷಯ ಎಚ್‌ಆರ್ ಬಾಯಿಂದ ಗೊತ್ತಾಗಬಾರದು. ಆಮೇಲೆ ಅದೇ ದಿನ ಎಚ್‌ಆರ್‌ಗೆ ಮೇಲ್ ಕಳಿಸು, ಮ್ಯಾನೇಜರನ್ನು ಸಿಸಿಯಲ್ಲಿ ಇಡು. ಬರವಣಿಗೆಯಲ್ಲಿ ಇಲ್ಲದಿದ್ದರೆ ಎಚ್‌ಆರ್‌ನವರು ನಿನ್ನ ಫೈಲ್ ಮುಚ್ಚಿ ಮುಂದಿನವರನ್ನು ಕರೆಯುವುದು ಕಷ್ಟ. ಅದಕ್ಕೂ ಮೊದಲು, ಅವರ ಪೋರ್ಟಲ್‌ನಲ್ಲಿ ಎಲ್ಲಾದರೂ 'ಒಪ್ಪಿಗೆ' ಒತ್ತಿದ್ದೀಯಾ ನೋಡಿಕೋ. ಒತ್ತಿದ್ದರೆ ನಾನು ಕೆಳಗೆ ಬರೆದುಕೊಟ್ಟ ಕಾಗದ ಸಾಲದು. ಕೊಟ್ಟ ಒಪ್ಪಿಗೆ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ ಅಂತ ಸ್ಪಷ್ಟವಾಗಿ ಬರೆದು ಕ್ಷಮೆ ಕೇಳಬೇಕು, ಆಫರ್ ಲೆಟರಿನ ಷರತ್ತುಗಳನ್ನೂ ಓದಬೇಕು.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ಇಂಗ್ಲಿಷಿಗೆ ನೀನೇ ಮಾಡಿಕೋ.

"ಟೆಸ್ಟ್ ಇಂಜಿನಿಯರ್ ಹುದ್ದೆಗೆ ನನ್ನನ್ನು ಆರಿಸಿದ್ದಕ್ಕೆ ಧನ್ಯವಾದ. ಯೋಚಿಸಿ ನೋಡಿ, ಈ ಆಫರ್ ಒಪ್ಪಿಕೊಳ್ಳದಿರಲು ತೀರ್ಮಾನಿಸಿದ್ದೇನೆ. ಸದ್ಯಕ್ಕೆ ಬೋರ್ಡ್ ಡಿಸೈನ್ ಕೆಲಸ ಕಲಿಯಬೇಕೆಂದಿದ್ದೇನೆ, ಅಂಥ ಅವಕಾಶ ಬೇರೆ ಕಡೆ ಸಿಕ್ಕಿದೆ. ಲ್ಯಾಬ್‌ನಲ್ಲಿ ನೀವು ತೋರಿಸಿದ ವೈಬ್ರೇಶನ್ ಟೆಸ್ಟ್ ಬಗ್ಗೆ ನಡೆದ ಮಾತುಕತೆ ನನಗೆ ತುಂಬಾ ಉಪಯೋಗವಾಯಿತು. ಮುಂದೆ ನಿಮ್ಮ ಡಿಸೈನ್ ತಂಡದಲ್ಲಿ ಜಾಗ ಬಂದರೆ ಅರ್ಜಿ ಹಾಕಲು ನನಗೆ ಇಷ್ಟ."

ಮೊದಲ ಎರಡು ಸಾಲಿನಲ್ಲೇ 'ಇಲ್ಲ' ಬಂದುಬಿಟ್ಟಿದೆ, ನೋಡು. ಕೆಲವರು ಒಂದು ಪುಟ ಹೊಗಳಿ ಕೊನೆಯಲ್ಲಿ ಗೊಣಗುತ್ತಾರೆ. ಓದಿದವರಿಗೆ ಬರುತ್ತಾಳೋ ಇಲ್ಲವೋ ಅಂತಲೇ ತಿಳಿಯುವುದಿಲ್ಲ. ಕಾರಣ ಒಂದೇ ಸಾಕು, ಅದೂ ನಿಜವಾದದ್ದು. ಅಮ್ಮನಿಗೆ ಹುಷಾರಿಲ್ಲ ಅಂತೆಲ್ಲ ನನ್ನ ಮೇಲೆ ಹಾಕಬೇಡ! ಬೆಂಗಳೂರಿನವರು ಎಷ್ಟು ಕೊಡುತ್ತಾರೆ ಅನ್ನೋದೂ ಬೇಡ. ಅದನ್ನು ಬರೆದರೆ ಕಾಗದ ಚೌಕಾಸಿಯಂತೆ ಕಾಣುತ್ತದೆ.

ಕೊನೆಯ ಸಾಲು ನೀನು ಅಂದುಕೊಂಡದ್ದಕ್ಕಿಂತ ಮುಖ್ಯ. "ಮುಂದೆ ಸಂಪರ್ಕದಲ್ಲಿರೋಣ" ಅಂತ ಎಲ್ಲರೂ ಬರೆಯುತ್ತಾರೆ, ಯಾರಿಗೂ ನೆನಪಿರುವುದಿಲ್ಲ. ಯಾವ ತಂಡ, ಯಾವ ಕೆಲಸ ಅಂತ ಇದ್ದರೆ, ಆ ಜಾಗ ಖಾಲಿಯಾದ ದಿನ ನಿನ್ನ ಹೆಸರು ಹೊಳೆಯುತ್ತದೆ. ಆದರೆ ನಿಜವಾಗಿಯೂ ಮನಸ್ಸಿದ್ದರೆ ಮಾತ್ರ ಆ ಸಾಲು ಇರಲಿ, ಇಲ್ಲದಿದ್ದರೆ ತೆಗೆದುಬಿಡು.

ಇನ್ನೊಂದು. ಫೋನಿನಲ್ಲಿ ಆ ಮ್ಯಾನೇಜರು "ಎಷ್ಟು ಜಾಸ್ತಿ ಕೊಟ್ಟರೆ ಬರ್ತೀರಿ?" ಅಂತ ಕೇಳಬಹುದು. ನಾವೂ ಕೇಳುತ್ತಿದ್ದೆವು. ಆಗ "ಮನೆಯಲ್ಲಿ ಕೇಳಿ ಹೇಳ್ತೀನಿ" ಅಂದುಬಿಟ್ಟೀಯ! ಬೆಂಗಳೂರಿನವರಿಗೆ ಆಗಲೇ ಮಾತು ಕೊಟ್ಟಾಗಿದೆ. "ಪ್ರಶ್ನೆ ಸಂಬಳದ್ದಲ್ಲ ಸರ್, ಕೆಲಸದ್ದು" ಅಂತ ಹೇಳಿ, ಅವರು ಮಾತು ಮುಗಿಸುವ ತನಕ ಕೇಳಿಸಿಕೊಂಡು, ಥ್ಯಾಂಕ್ಸ್ ಹೇಳಿ ಇಡು. ಆಮೇಲೆ ನನಗೆ ಫೋನ್ ಮಾಡು.

ನಿನ್ನ
ಅಮ್ಮ