ರಿಪೋರ್ಟ್ ಕಾರ್ಡ್‌ನ ಕೊನೆಯ ಕಾಲಂ ಬಗ್ಗೆ

ಒಂಬತ್ತನೇ ತರಗತಿಯ ಎಲ್ಲ ಪೋಷಕರಿಗೆ ನಮಸ್ಕಾರ.

ಅರ್ಧವಾರ್ಷಿಕ ಪರೀಕ್ಷೆಯ ರಿಪೋರ್ಟ್ ಕಾರ್ಡ್‌ನಲ್ಲಿ ಈ ಸಲ ಗಣಿತದ ಅಂಕದ ಪಕ್ಕ ‘ವಾರ್ಷಿಕದಲ್ಲಿ ನಿರೀಕ್ಷಿತ ಅಂಕ’ ಅಂತ ಹೊಸ ಕಾಲಂ ಇದೆ. ಅದನ್ನು ನೋಡಿ ಕೆಲವರು ಫೋನ್ ಮಾಡಿದಿರಿ, ಕೆಲವರು ಆಫೀಸಿಗೇ ಬಂದಿರಿ. “ನನ್ನ ಮಗಳು 90 ತೆಗೆದಿದ್ದಾಳೆ, ನೀವು 85 ಅಂತ ಬರೆದಿದ್ದೀರಿ. ಅವಳು ಕೆಳಗಿಳಿಯಲಿ ಅಂತಾನಾ?” ಎಂದು ಒಬ್ಬ ತಾಯಿ ಕೇಳಿದರು. ಅವರ ಕೋಪ ನನಗೆ ಅರ್ಥವಾಗುತ್ತದೆ. ಲೆಕ್ಕವೇನೋ ಸರಿಯಾಗಿಯೇ ಇದೆ. ಅದನ್ನು ಅಚ್ಚು ಹಾಕಿದ ರೀತಿಯಲ್ಲಿ ನಾವು ಎಡವಿದ್ದೇವೆ.

ಲೆಕ್ಕ ಮಾಡಿದ್ದು ಹೀಗೆ. ಹೋದ ವರ್ಷದ 40 ಮಕ್ಕಳ ಗಣಿತದ ಅಂಕಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿದೆವು. ಅಡ್ಡಕ್ಕೆ ಅರ್ಧವಾರ್ಷಿಕ, ಮೇಲಕ್ಕೆ ವಾರ್ಷಿಕ, ಒಬ್ಬರಿಗೆ ಒಂದು ಚುಕ್ಕಿ. ಆಮೇಲೆ ಆ ಚುಕ್ಕಿಗಳಿಗೆ ಒಟ್ಟಾರೆ ಅತಿ ಹತ್ತಿರ ಹಾಯುವ ನೇರ ಗೆರೆ ಎಳೆದೆವು. ಲೀನಿಯರ್ ರಿಗ್ರೆಷನ್ ಅನ್ನುವುದು ಇದನ್ನೇ. ಸಿಕ್ಕ ಸೂತ್ರ ಇಷ್ಟು:

ವಾರ್ಷಿಕ ಅಂಕ = 22 + 0.7 × ಅರ್ಧವಾರ್ಷಿಕ ಅಂಕ

90ನ್ನು ಹಾಕಿದರೆ 22 + 63, ಅಂದರೆ 85. ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಒಂದು ದಿನದ ಅಂಕದಲ್ಲಿ ಮಗುವಿಗೆ ನಿಜವಾಗಿ ಬರುವುದೂ ಇರುತ್ತದೆ, ಆವತ್ತಿನ ಅದೃಷ್ಟವೂ ಇರುತ್ತದೆ. ಓದಿದ ಪಾಠದಿಂದಲೇ ಜಾಸ್ತಿ ಪ್ರಶ್ನೆ ಬಂದಿರಬಹುದು, ಊಹಿಸಿ ಬರೆದ ಉತ್ತರ ಸರಿಯಾಗಿರಬಹುದು. ತರಗತಿಯಲ್ಲಿ ಎಲ್ಲರಿಗಿಂತ ಮೇಲೆ ನಿಂತವರಲ್ಲಿ ಆವತ್ತು ಅದೃಷ್ಟ ಕೂಡಿಬಂದವರೇ ಹೆಚ್ಚು. ಕಲಿತದ್ದು ಮುಂದಿನ ಪರೀಕ್ಷೆಗೂ ಜೊತೆಗೆ ಬರುತ್ತದೆ, ಅದೃಷ್ಟ ಬರಲೇಬೇಕೆಂದಿಲ್ಲ. ಹೋದ ವರ್ಷ 87, 90, 93 ತೆಗೆದಿದ್ದ ಮೂವರು ವಾರ್ಷಿಕದಲ್ಲಿ ತೆಗೆದದ್ದು 81, 92, 85. ಇಬ್ಬರು ಇಳಿದರು, ಒಬ್ಬರು ಏರಿದರು. ಇಳಿದವರು ಓದು ಬಿಟ್ಟವರಲ್ಲ, ನಾನೇ ಅವರಿಗೆ ಪಾಠ ಮಾಡಿದ್ದೇನೆ. ಅಂದಹಾಗೆ, ಇದೇ ಗೆರೆ 40 ತೆಗೆದವರಿಗೆ 50 ಅನ್ನುತ್ತದೆ. ಅದಕ್ಕೆ ಯಾರೂ ಜಗಳಕ್ಕೆ ಬರಲಿಲ್ಲ!

ಮತ್ತೆ ಹೇಳುತ್ತೇನೆ, 85 ಅನ್ನುವುದು ನಿಮ್ಮ ಮಗಳ ಬಗ್ಗೆ ನಾವು ಕೊಟ್ಟ ತೀರ್ಪಲ್ಲ. 90ರ ಆಸುಪಾಸು ತೆಗೆಯುವ ಮಕ್ಕಳ ಸರಾಸರಿ ಅದು. ಅವಳು 95 ತೆಗೆದರೆ ನಮಗೂ ಖುಷಿಯೇ, ಸೂತ್ರಕ್ಕೂ ಅದರಿಂದ ಧಕ್ಕೆಯಿಲ್ಲ.

ನಮ್ಮ ತಪ್ಪು ಇರುವುದು ಇಲ್ಲಿ. ಒಂದೇ ಒಂದು ಸಂಖ್ಯೆ ಬರೆದು ಸುಮ್ಮನಾಗಿಬಿಟ್ಟೆವು. ಹೋದ ವರ್ಷ ಅರ್ಧವಾರ್ಷಿಕದಲ್ಲಿ 60ರ ಆಸುಪಾಸು ಇದ್ದ ಏಳು ಮಕ್ಕಳನ್ನು ನೋಡಿ. ಸೂತ್ರ ಅವರಿಗೆ 64 ಅನ್ನುತ್ತದೆ. ಅವರು ನಿಜಕ್ಕೂ ತೆಗೆದದ್ದು 49, 55, 61, 63, 66, 72, 79. ಸರಾಸರಿ ಸುಮಾರು 64, ಸರಿಯೇ. ಆದರೆ 49 ತೆಗೆದವನ ಮನೆಯವರಿಗೂ 79 ತೆಗೆದವಳ ಮನೆಯವರಿಗೂ ಆ ಸರಾಸರಿ ಕಟ್ಟಿಕೊಂಡು ಏನಾಗಬೇಕು, ಅಲ್ವಾ? ಇಂಥ ಏರುಪೇರನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ 64ರ ಬದಲು ‘45ರಿಂದ 83’ ಅಂತ ಬರೆಯಬೇಕಿತ್ತು. ಆಗಲೂ ನೂರಕ್ಕೆ ಐದು ಮಕ್ಕಳು ಅದರ ಹೊರಗೇ ಬೀಳುತ್ತಾರೆ.

ಹಾಗಾದರೆ ಈ ಲೆಕ್ಕ ಯಾಕೆ ಬೇಕು ಅಂತ ಕೇಳಬಹುದು. ಗೆರೆ ಎಳೆಯಲು ಬಳಸಿದ ಮಕ್ಕಳ ಮೇಲೇ ಅದನ್ನು ಪರೀಕ್ಷಿಸಿದರೆ ನಮ್ಮ ಬೆನ್ನು ನಾವೇ ತಟ್ಟಿಕೊಂಡ ಹಾಗೆ. ಅದಕ್ಕೇ ಅದರ ಹಿಂದಿನ ವರ್ಷದ ಮಕ್ಕಳ ಅಂಕ ಹಾಕಿ ನೋಡಿದೆವು. ಎಲ್ಲರಿಗೂ ಸುಮ್ನೆ 64 ಅಂದುಬಿಟ್ಟಿದ್ದರೆ ಒಬ್ಬೊಬ್ಬರಿಗೆ ಸರಾಸರಿ 11 ಅಂಕ ತಪ್ಪುತ್ತಿತ್ತು. ಸೂತ್ರ ತಪ್ಪಿದ್ದು ಸರಾಸರಿ 8. ದೊಡ್ಡ ಸಾಧನೆಯೇನಲ್ಲ. ಆದರೆ ಯಾರಿಗೆ ಹೆಚ್ಚುವರಿ ಪಾಠ ಬೇಕಾಗಬಹುದು ಅಂತ ನಾಲ್ಕು ತಿಂಗಳು ಮೊದಲೇ ಗುರುತಿಸಲು ಸಾಕು. ಒಂದು ಮಗುವಿನ ಹಣೆಬರಹ ಬರೆಯಲು ಮಾತ್ರ ಸಾಲದು.

ಇನ್ನೊಂದು ಎಡವಟ್ಟನ್ನೂ ಒಪ್ಪಿಕೊಳ್ಳಬೇಕು. ಜ್ವರ ಬಂದು ಪರೀಕ್ಷೆಗೆ ಬಾರದ ಒಬ್ಬ ಹುಡುಗನಿಗೆ ಕಂಪ್ಯೂಟರಿನಲ್ಲಿ 0 ಅಂತ ದಾಖಲಾಗಿ, ‘ನಿರೀಕ್ಷಿತ ಅಂಕ 22’ ಅಂತ ಅಚ್ಚಾಗಿದೆ. ಗೈರುಹಾಜರಿ ಅಂಕವೇ ಅಲ್ಲ. ಅಲ್ಲದೆ ಹೋದ ವರ್ಷ 31ಕ್ಕಿಂತ ಕಡಿಮೆ ಯಾರೂ ತೆಗೆದಿರಲಿಲ್ಲ. ಅದರ ಕೆಳಗೆ ಗೆರೆ ಏನು ಹೇಳಿದರೂ ನಂಬುವ ಹಾಗಿಲ್ಲ. ಆ ಮನೆಯವರ ಕ್ಷಮೆ ಕೇಳಿದ್ದೇನೆ.

ಈ ಲೆಕ್ಕವನ್ನು ನಾವು ಬಿಡುವುದಿಲ್ಲ. ಆದರೆ ಇನ್ನು ಮುಂದೆ ಅದು ಶಿಕ್ಷಕರ ಪುಸ್ತಕದಲ್ಲೇ ಇರುತ್ತದೆ. ನೀವು ಬಂದು ಕೇಳಿದರೆ ಗ್ರಾಫ್ ಸಮೇತ ತೋರಿಸುತ್ತೇವೆ, ‘ಇಷ್ಟರಿಂದ ಇಷ್ಟು’ ಅಂತಲೇ ಹೇಳುತ್ತೇವೆ. ಶನಿವಾರದ ಹೆಚ್ಚುವರಿ ತರಗತಿಗೆ ಯಾರನ್ನು ಕರೆಯಬೇಕು ಎಂಬುದನ್ನು ಈ ಸಂಖ್ಯೆಯೊಂದನ್ನೇ ನೋಡಿ ತೀರ್ಮಾನಿಸುವುದಿಲ್ಲ, ನೋಟ್‌ಬುಕ್ಕನ್ನೂ ನೋಡುತ್ತೇವೆ.

ದಯವಿಟ್ಟು ರಿಪೋರ್ಟ್ ಕಾರ್ಡ್‌ಗಳನ್ನು ಸೋಮವಾರ ಮಕ್ಕಳ ಕೈಯಲ್ಲಿ ವಾಪಸ್ ಕಳಿಸಿ, ಆ ಕಾಲಂ ತೆಗೆದು ಹೊಸದು ಕೊಡುತ್ತೇವೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ