ಜಾಬ್ ವರ್ಕ್ ಲೆಕ್ಕದಲ್ಲಿ ಒಂದು ಬದಲಾವಣೆ: ಹೊರಗೆ ಉಳಿದ ಮಾಲು ಎಷ್ಟು?

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಜಾಬ್ ವರ್ಕ್‌ಗೆ ಮಾಲು ಕಳಿಸುವ ನಿಮ್ಮೆಲ್ಲರ ಇಆರ್‌ಪಿ ನೆಕ್ಸ್ಟ್‌ನಲ್ಲಿ ಒಂದು ಸೆಟ್ಟಿಂಗ್ ಬದಲಿಸುತ್ತಿದ್ದೇವೆ. ಬದಲಾಗುವುದು ಒಂದೇ ಸಾಲು. ಆದರೆ ಅದರಿಂದ ಮಾಲು ವಾಪಸ್ ಬಂದಾಗ ಸ್ಟೋರ್‌ನವರಿಗೆ ಒಂದು ಕೆಲಸ ಜಾಸ್ತಿಯಾಗುತ್ತದೆ. ಹೇಳದೆ ಕೇಳದೆ ಬದಲಿಸಿದರೆ ಮೊದಲ ವಾರವೇ ನಿಮ್ಮಿಂದ ಬೈಸಿಕೊಳ್ಳಬೇಕಾಗುತ್ತದೆ. ಅದಕ್ಕೇ ಈ ಪತ್ರ.

`Buying Settings` ಒಳಗೆ `Backflush Raw Materials of Subcontract Based On` ಎಂಬ ಜಾಗವಿದೆ. ಈಗ ಅಲ್ಲಿ `BOM` ಎಂದಿದೆ. ಅದನ್ನು `Material Transferred for Subcontract` ಎಂದು ಮಾಡುತ್ತೇವೆ. ಅರ್ಥ ಇಷ್ಟೇ: ಹೊರಗಿನವರು ಎಷ್ಟು ಕಚ್ಚಾಮಾಲು ಬಳಸಿದರು ಅನ್ನುವುದನ್ನು ಸಿಸ್ಟಂ ಇಲ್ಲಿಯವರೆಗೆ ಬಿಒಎಂ ನೋಡಿ ಬರೆದುಕೊಳ್ಳುತ್ತಿತ್ತು. ಇನ್ನು ಮೇಲೆ ನೀವು ನಿಜವಾಗಿ ಕಳಿಸಿದ್ದನ್ನು ನೋಡಿ ಬರೆಯುತ್ತದೆ.

ಮೊದಲು `BOM` ಇಟ್ಟಿದ್ದು ನಾವೇ. ಟೈಪ್ ಮಾಡುವುದು ಕಡಿಮೆ ಅನ್ನುವುದೊಂದೇ ಕಾರಣ. ಅದು ತಪ್ಪಾಯಿತು. ಹೇಗೆ ಅನ್ನುವುದಕ್ಕೆ ಒಂದು ಆರ್ಡರ್ ಲೆಕ್ಕ ಹಾಕಿ ನೋಡೋಣ.

1000 ಶಾಫ್ಟ್ ಮಾಡಿಸಬೇಕು. ಬಿಒಎಂ ಪ್ರಕಾರ ಒಂದಕ್ಕೆ ಅರ್ಧ ಕೆಜಿ ಸ್ಟೀಲ್ ರಾಡ್, ಅಂದರೆ ಒಟ್ಟು 500 ಕೆಜಿ. ರಾಡ್ ಪೂರ್ತಿ ಉದ್ದದಲ್ಲೇ ಹೋಗುತ್ತದೆ, ತೂಕಕ್ಕೆ ಸರಿಯಾಗಿ ಕತ್ತರಿಸಿ ಯಾರೂ ಕಳಿಸುವುದಿಲ್ಲ. ಹಾಗಾಗಿ ಲೇತ್‌ನವರಿಗೆ 520 ಕೆಜಿ ಹೋಯಿತು. ಅವರು ಮೊದಲು 600 ಶಾಫ್ಟ್ ಕೊಟ್ಟರು, ಆಮೇಲೆ 400. ಎರಡೂ ಸಲ ನೀವು `Subcontracting Receipt` ಮಾಡಿದಿರಿ. ಸಿಸ್ಟಂ ಮೊದಲು 300 ಕೆಜಿ, ನಂತರ 200 ಕೆಜಿ ಖರ್ಚು ಬರೆಯಿತು. ಲೇತ್‌ನವರ ಗೋದಾಮಿನಲ್ಲಿ 20 ಕೆಜಿ ಉಳಿದಿದೆ ಎಂದು ತೋರಿಸಿತು.

ಆದರೆ ಅಲ್ಲಿ ಹೋಗಿ ತೂಗಿದರೆ ಇರುವುದು 6 ಕೆಜಿ. ಬಾಕಿ 14 ಕೆಜಿ ಯಾರೂ ಕದ್ದಿಲ್ಲ. ಪ್ರತಿ ಸಲ ಕತ್ತರಿಸುವಾಗ ಗರಗಸದ ದಪ್ಪದಷ್ಟು ಲೋಹ ಪುಡಿಯಾಗುತ್ತದೆ. ಪ್ರತಿ ರಾಡ್‌ನ ಕೊನೆಯಲ್ಲಿ ಒಂದು ಶಾಫ್ಟ್‌ಗೂ ಸಾಲದ ತುಂಡು ಉಳಿಯುತ್ತದೆ. ಬಿಒಎಂ ಬರೆದವರು ಇದನ್ನು ಸೇರಿಸಿರಲಿಲ್ಲ, ಅಷ್ಟೇ.

ಈಗ ಮುಂದಿನ ಆರ್ಡರ್ ಬಂತು ಅನ್ನಿ. ಸ್ಟೋರ್‌ನವರು ಪರದೆ ನೋಡುತ್ತಾರೆ. ಅಲ್ಲಿ 20 ಕೆಜಿ ಇದೆಯಲ್ಲ ಅಂತ ಅಷ್ಟು ಕಡಿಮೆ ಕಳಿಸುತ್ತಾರೆ. ಲೇತ್‌ನವರು ಕೊನೆಯಲ್ಲಿ ಮಾಲು ಸಾಲದು ಎಂದು ಫೋನ್ ಮಾಡುತ್ತಾರೆ. ಇವರು ಕಂಪ್ಯೂಟರ್ ತೋರಿಸುತ್ತಾರೆ, ಅವರು ಖಾಲಿ ಮೂಲೆ ತೋರಿಸುತ್ತಾರೆ. ಇಂಥ ಜಗಳಕ್ಕೆ ನಮ್ಮನ್ನು ಪಂಚಾಯ್ತಿಗೆ ಕರೆದವರು ನಿಮ್ಮಲ್ಲೇ ಕೆಲವರಿದ್ದೀರಿ. ಕಡಿಮೆ ಕಳಿಸದೆ ಹಾಗೇ ನಡೆಸಿದರೂ ತೊಂದರೆ ತಪ್ಪುವುದಿಲ್ಲ. ಹತ್ತು ಆರ್ಡರ್ ಆಗುವಷ್ಟರಲ್ಲಿ ಇಲ್ಲದ 140 ಕೆಜಿ ಪುಸ್ತಕದಲ್ಲಿ ಕೂತಿರುತ್ತದೆ. ಶಾಫ್ಟ್‌ನ ಅಸಲು ಕೂಡ ಅಷ್ಟರಮಟ್ಟಿಗೆ ಕಡಿಮೆ ಕಾಣುತ್ತದೆ. ವರ್ಷದ ಕೊನೆಗೆ ಎಣಿಕೆ ಮಾಡಿದಾಗ ಅದೆಲ್ಲ ಒಟ್ಟಿಗೆ ನಷ್ಟಕ್ಕೆ ಬೀಳುತ್ತದೆ. ಯಾವ ಆರ್ಡರ್‌ನದು ಎಂದು ಆಗ ಹುಡುಕಲು ಆಗುವುದಿಲ್ಲ.

ಹೊಸ ಸೆಟ್ಟಿಂಗ್‌ನಲ್ಲಿ ಇದೇ ಆರ್ಡರ್ ಹೀಗೆ ನಡೆಯುತ್ತದೆ. ಮೊದಲ 600 ಬಂದಾಗ ಸಿಸ್ಟಂ ಕಳಿಸಿದ 520ರಲ್ಲಿ ಅದರ ಪಾಲು ತೆಗೆದು 312 ಕೆಜಿ ಎಂದು ತುಂಬುತ್ತದೆ. ಅದನ್ನು ಹಾಗೇ ಬಿಡಿ. ಕೊನೆಯ 400 ಬಂದಾಗ ಉಳಿದ 208 ಕೆಜಿಯನ್ನೂ ಪೂರ್ತಿ ಖರ್ಚು ಎಂದು ತುಂಬುತ್ತದೆ. ಇಲ್ಲೇ ಎಚ್ಚರ ಬೇಕು. ಹಾಗೇ ಸಬ್ಮಿಟ್ ಮಾಡಿದರೆ ಲೇತ್‌ನವರ ಹತ್ತಿರ ಇರುವ 6 ಕೆಜಿ ಪುಸ್ತಕದಿಂದಲೇ ಮಾಯ. ಮೊದಲು ಇಲ್ಲದ ಮಾಲು ಕಾಣುತ್ತಿತ್ತು, ಈಗ ಇರುವ ಮಾಲು ಕಾಣುವುದಿಲ್ಲ!

ಹಾಗಾಗಿ ಕೊನೆಯ ಕಂತಿನ ಚಲನ್‌ನಲ್ಲಿ "ಉಳಿದ ರಾಡ್ 6 ಕೆಜಿ" ಎಂದು ಲೇತ್‌ನವರಿಂದ ಬರೆಸಿಕೊಳ್ಳಿ. ರಸೀದಿಯ ಕೆಳಗೆ ಕಚ್ಚಾಮಾಲಿನ ಪಟ್ಟಿ ಇರುತ್ತದೆ. ಅಲ್ಲಿ `Consumed Qty` ಅನ್ನು 208ರಿಂದ 202ಕ್ಕೆ ಇಳಿಸಿ, ಆಮೇಲೆ ಸಬ್ಮಿಟ್ ಮಾಡಿ. ಈ ಅಂಕಿ ತಿದ್ದಲು ಸಿಗುವುದು ಹೊಸ ಸೆಟ್ಟಿಂಗ್‌ನಲ್ಲೇ. ಈಗ ಖರ್ಚು 312ಕ್ಕೆ 202 ಸೇರಿ 514, ಉಳಿಕೆ 6. ಆ 6 ಕೆಜಿ ನಿಮ್ಮ ಸ್ಟೋರ್‌ಗೆ ವಾಪಸ್ ಬಂದರೆ ಆರ್ಡರ್ ತೆರೆದು `Return of Components` ಮೂಲಕ ತನ್ನಿ. ಸಾಲದೆ ಬಿದ್ದ ತುಂಡುಗಳು ಜೊತೆಗೆ ಬಂದರೆ ಅವನ್ನು ಈ 6 ಕೆಜಿಯೊಳಗೆ ಸೇರಿಸಬೇಡಿ. ಅದು ಸ್ಕ್ರ್ಯಾಪ್, ರಾಡ್ ಅಲ್ಲ. ಅದಕ್ಕೆ ಬೇರೆ ಐಟಂ ಇಟ್ಟುಕೊಳ್ಳಿ.

ಹಾಗಾದರೆ ಬಿಒಎಂ ಬೇಡವಾ ಅಂತ ಕೇಳಬಹುದು. ಬೇಕು, ಅಳತೆಗೋಲಾಗಿ. 500 ಆಗಬೇಕಿದ್ದದ್ದು 514 ಆಗಿದೆ, ಅಂದರೆ ಶೇಕಡಾ 2.8 ಜಾಸ್ತಿ. ಪ್ರತಿ ಆರ್ಡರ್‌ನಲ್ಲೂ ಹೀಗೇ ಬಂದರೆ ತಪ್ಪು ಬಿಒಎಂನದು, ಅದನ್ನು 0.514ಕ್ಕೆ ತಿದ್ದಿ. ನಾಲ್ಕು ಸಲ 514ರ ಆಸುಪಾಸು ಬಂದು ಐದನೇ ಸಲ 540 ಆದರೆ ಹೋಗಿ ಕೇಳಿ. ಒಂದು ಮಾತು ಮುಚ್ಚಿಡುವುದಿಲ್ಲ: ಹೊಸ ಸೆಟ್ಟಿಂಗ್ ತಾನಾಗಿ ಕಳ್ಳತನ ಹಿಡಿಯುವುದಿಲ್ಲ. ಚಲನ್‌ನಲ್ಲಿ ಏನು ಬರೆದಿದೆಯೋ ಅದನ್ನೇ ನಂಬುತ್ತದೆ. ಆಗಾಗ ನೀವೇ ಹೋಗಿ ತೂಗಬೇಕು.

ಇನ್ನು ಯಾವಾಗ ಬದಲಿಸುತ್ತೇವೆ ಅನ್ನುವುದು. ಎಲ್ಲರಿಗೂ ಒಂದೇ ದಿನ ಇಲ್ಲ. ಈ ಸೆಟ್ಟಿಂಗ್ ಇಡೀ ಸಿಸ್ಟಂಗೆ ಒಂದೇ. ಅರ್ಧ ಮಾಲು ಬಂದಿರುವ ಆರ್ಡರ್ ಇದ್ದಾಗ ಬದಲಿಸಿದರೆ ಆ ಆರ್ಡರ್‌ನ ಮೊದಲರ್ಧ ಒಂದು ಲೆಕ್ಕ, ಎರಡನೇ ಅರ್ಧ ಇನ್ನೊಂದು ಲೆಕ್ಕ ಆಗುತ್ತದೆ. ಆದ್ದರಿಂದ ಹೊರಗಿರುವ ಆರ್ಡರ್‌ಗಳನ್ನು ಹಳೇ ಲೆಕ್ಕದಲ್ಲೇ ಮುಗಿಸಿ, ನಮಗೆ ಒಂದು ಫೋನ್ ಮಾಡಿ. ಆಮೇಲೆ ಪ್ರತಿ ಜಾಬ್ ವರ್ಕರ್ ಹತ್ತಿರ ಇರುವ ಮಾಲು ತೂಗಿ, `Stock Reconciliation` ಹಾಕಿ ಪುಸ್ತಕ ಸರಿಮಾಡೋಣ. ಕೊನೆಗೆ ಸೆಟ್ಟಿಂಗ್.

ಈ ಸರತಿ ದಯವಿಟ್ಟು ತಪ್ಪಿಸಬೇಡಿ. `Stock Reconciliation` ತಿದ್ದುವುದು ಗೋದಾಮಿನ ಅಂಕಿಯನ್ನು ಮಾತ್ರ. ಆರ್ಡರ್‌ಗೆ ಎಷ್ಟು ಕಳಿಸಿದ್ದೀರಿ ಅನ್ನುವ ಅಂಕಿಯನ್ನು ಅದು ಮುಟ್ಟುವುದಿಲ್ಲ. ಆರ್ಡರ್ ತೆರೆದಿರುವಾಗಲೇ ಗೋದಾಮಿನ ಅಂಕಿಯನ್ನು ತೂಗಿದಷ್ಟಕ್ಕೆ ಇಳಿಸಿಬಿಟ್ಟು ಸೆಟ್ಟಿಂಗ್ ಬದಲಿಸಿದಿರಿ ಅನ್ನಿ. ಮುಂದಿನ ರಸೀದಿ ಆರ್ಡರ್ ನೋಡಿ ಜಾಸ್ತಿ ಖರ್ಚು ತುಂಬುತ್ತದೆ, ಗೋದಾಮಿನಲ್ಲಿ ಅಷ್ಟು ಇರುವುದಿಲ್ಲ, ನೆಗೆಟಿವ್ ಸ್ಟಾಕ್ ಎಂದು ಅಲ್ಲೇ ನಿಲ್ಲುತ್ತದೆ. ಮಾಲಿನ ಗಾಡಿ ಬಾಗಿಲಲ್ಲಿ ನಿಂತಿರುವಾಗ ಇದನ್ನು ಬಿಡಿಸುವುದು ಯಾರಿಗೂ ಬೇಡ.

ನಿಮ್ಮಲ್ಲಿ ಕೆಲವರು ಎಲ್ಲ ಜಾಬ್ ವರ್ಕರ್‌ಗಳಿಗೂ ಸೇರಿ "ಹೊರಗಡೆ" ಅಂತ ಒಂದೇ ಗೋದಾಮು ಮಾಡಿಕೊಂಡಿದ್ದೀರಿ. ಹಾಗಿದ್ದರೆ ಉಳಿಕೆ ಯಾರ ಹತ್ತಿರ ಇದೆ ಎಂದು ಯಾವ ಸೆಟ್ಟಿಂಗೂ ಹೇಳಲಾರದು. ತೂಗಲು ಹೋಗುವ ಮೊದಲು ಒಬ್ಬೊಬ್ಬರಿಗೂ ಬೇರೆ ಗೋದಾಮು ಮಾಡಿ, ಆರ್ಡರ್‌ನ `Supplier Warehouse` ಜಾಗದಲ್ಲಿ ಅದನ್ನೇ ಹಾಕಿ. ಹೆಸರು ಮತ್ತು ಪಟ್ಟಿ ಕಳಿಸಿದರೆ ಆ ಕೆಲಸ ನಾವೇ ಮಾಡಿಕೊಡುತ್ತೇವೆ.

ಬದಲಾದ ಮೇಲೆ ನೀವು ಮಾಡುವ ಮೊದಲ ಕೊನೆಕಂತಿನ ರಸೀದಿಗೆ ನಮ್ಮಲ್ಲೊಬ್ಬರು ಫೋನಿನಲ್ಲಿ ಜೊತೆಗಿರುತ್ತಾರೆ. ಚಲನ್ ಕೈಯಲ್ಲಿ ಇಟ್ಟುಕೊಂಡು ಕರೆ ಮಾಡಿ.

ಇಂತಿ ನಿಮ್ಮ,
ಬೆಂಬಲ ವಿಭಾಗದವರು