ಹಾನಿ ಆಗದಿದ್ದರೂ ತಪ್ಪನ್ನು ಹೇಳಿ

ಮಾನ್ಯ ಸಂಪಾದಕರೇ,

ಚಿಕಿತ್ಸೆಯಲ್ಲಿ ತಪ್ಪಾದರೆ ರೋಗಿಗೆ ತಿಳಿಸಬೇಕು ಎಂದು ಬೆಂಗಳೂರಿನ ಆಸ್ಪತ್ರೆಯೊಂದರ ನೈತಿಕ ಸಮಿತಿ ಶಿಫಾರಸು ಮಾಡಿದೆ ಎಂಬ ವರದಿ ಓದಿ ಖುಷಿಯಾಯಿತು, ಆದರೆ ‘ಶಾಶ್ವತ ಹಾನಿಯಾದರೆ ಮಾತ್ರ’ ಎಂಬ ಷರತ್ತು ಬೇಡವೇ ಬೇಡ.

ಇನ್ಸುಲಿನ್ ವಿಷಯವನ್ನೇ ನೋಡಿ. ಚೀಟಿಯಲ್ಲಿ 10ರ ಪಕ್ಕ ಯೂನಿಟ್ ಎಂದು ಪೂರ್ತಿ ಬರೆಯದೆ ಇಂಗ್ಲಿಷಿನ ‘ಯು’ ಅಕ್ಷರ ಹಾಕಿದರೆ ಅದು ಸೊನ್ನೆಯಂತೆ ಕಂಡು 100 ಆಗಿಬಿಡಬಹುದು. ರೋಗಿ ಬೆವರಿ ಮಂಪರಾಗುತ್ತಾರೆ, ಗ್ಲೂಕೋಸ್ ಕೊಟ್ಟು ಸಕ್ಕರೆ ಮತ್ತೆ ಮತ್ತೆ ನೋಡುತ್ತಾರೆ, ಸುಧಾರಿಸಿಕೊಳ್ಳುತ್ತಾರೆ. ಹಾನಿ ಇಲ್ಲ, ಅಲ್ವಾ? ಇದೆ. ಮನೆಯವರಿಗೆ ‘ಶುಗರ್ ಲೋ ಆಯ್ತು’ ಅಂತಷ್ಟೇ ಹೇಳಿದರೆ, ತಮ್ಮ ದೇಹವೇ ಹೀಗೆ ಎಂದು ಹೆದರಿ ರೋಗಿ ಮನೆಯಲ್ಲಿ ಇನ್ಸುಲಿನ್ ತಗ್ಗಿಸುತ್ತಾರೆ. ಬೇರೆ ಡಾಕ್ಟರ್ ಕೂಡ ಬಿಡುಗಡೆ ಪತ್ರ ನೋಡಿ ಡೋಸ್ ಇಳಿಸಬಹುದು. ಸಕ್ಕರೆ ಏರುತ್ತಲೇ ಹೋಗುತ್ತದೆ.

ಕೇಸು ಬೀಳುತ್ತದೆ ಎಂಬ ಭಯ ಡಾಕ್ಟರುಗಳಿಗೆ ಇರುವುದು ನಿಜ. ಆದರೆ ಪ್ರತಿ ತಪ್ಪೂ ನಿರ್ಲಕ್ಷ್ಯವಲ್ಲ ಎಂದು ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲೇ ಹೇಳಿದೆ. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮವೂ ಇರುವಾಗ, ಮುಚ್ಚಿಟ್ಟದ್ದು ಹೊರಬಂದರೆ ಸಿಟ್ಟು ಇನ್ನೂ ಜಾಸ್ತಿ.

ಹಾಗಾಗಿ ಒಂದು ದಿನದೊಳಗೆ, ನರ್ಸನ್ನು ಒಬ್ಬರನ್ನೇ ಕಳಿಸದೆ, ಹಿರಿಯ ಡಾಕ್ಟರೇ ಕುಳಿತು ಗೊತ್ತಿರುವಷ್ಟನ್ನು ಹೇಳಿ ಕ್ಷಮೆ ಕೇಳಲಿ. ಕಾರಣವನ್ನು ಊಹಿಸುವುದು ಬೇಡ, ವಿಚಾರಣೆ ಮುಗಿದ ಮೇಲೆ ಇನ್ನೊಮ್ಮೆ ಕರೆದು ತಿಳಿಸಲಿ. ನಡೆದದ್ದನ್ನು ಬಿಡುಗಡೆ ಪತ್ರದಲ್ಲೂ ಬರೆಯಲಿ.

– ಓದುಗ, ಬೆಂಗಳೂರು